ಗೋ ಆಟದಲ್ಲಿ ಮೂವತ್ತು ನಡೆ ಮುಂದಕ್ಕೆ ನೋಡಲು ಮಹಾ ಬುದ್ಧಿವಂತರೇ ಆಗಬೇಕಾ? ಏಣಿ ಮತ್ತು ಬಲೆಯ ಲೆಕ್ಕ ಇಲ್ಲಿದೆ

ಕಪ್ಪು-ಬಿಳಿ ಕಾಯಿಗಳ ಗೋ ಆಟದ ಬಗ್ಗೆ ಎರಡು ಮಾತು ಆಗಾಗ ಕೇಳಿಬರುತ್ತವೆ. ಒಂದು, ‘ಆ ಆಟದವರು ಮೂವತ್ತು-ನಲವತ್ತು ನಡೆ ಮುಂದಕ್ಕೆ ಲೆಕ್ಕ ಹಾಕುತ್ತಾರೆ, ನಮ್ಮಂಥವರ ಕೈಲಾಗದು’. ಇನ್ನೊಂದು, ಆ್ಯಪ್‌ನಲ್ಲಿ ಆಟ ಕಲಿತ ಹೊಸಬರು ಹೇಳುವುದು: ‘ಎದುರಾಳಿಯ ಕಾಯಿಯನ್ನು ಬಿಡದೆ ಅಟ್ಟಿಸಿಕೊಂಡು ಹೋದರೆ ಅದು ಸಿಕ್ಕೇ ಸಿಗುತ್ತದೆ’.

ಎರಡೂ ಪೂರ್ತಿ ನಿಜವಲ್ಲ. ಕೆಲವು ಬೇಟೆಗಳು ನಿಜವಾಗಿಯೂ ಮೂವತ್ತು ನಡೆ ಸಾಗುತ್ತವೆ. ಆದರೆ ಅದು ಗೆಲ್ಲುತ್ತದೋ ಸೋಲುತ್ತದೋ ಎಂದು ತಿಳಿಯಲು ಮೂವತ್ತು ನಡೆ ನೆನಪಿಟ್ಟುಕೊಳ್ಳಬೇಕಿಲ್ಲ. ಹಾಗೆಯೇ, ಅಟ್ಟಿದ ಕಾಯಿ ಯಾವಾಗಲೂ ಸಿಗುವುದಿಲ್ಲ; ಸಿಗದೇ ಹೋದರೆ ನಷ್ಟ ಅಟ್ಟಿದವರಿಗೇ. ಹೇಗೆ ಎಂದು ಒಂದೇ ಉದಾಹರಣೆ ಹಿಡಿದು ನೋಡೋಣ.

ಮೊದಲು ಆಟದ ನಿಯಮ

ನಮ್ಮ ಕಡೆಯ ಆಡು-ಹುಲಿ ಆಟ ಗೊತ್ತಿದ್ದವರಿಗೆ ಇದು ಸುಲಭ. ಅಲ್ಲಿ ಹುಲಿಯನ್ನು ಹಿಡಿಯುವುದು ಹೊಡೆದಲ್ಲ. ಸುತ್ತಲೂ ಆಡುಗಳನ್ನಿಟ್ಟು ಅಲುಗಾಡದಂತೆ ಕಟ್ಟಿಹಾಕಿ. ಚೀನಾದಲ್ಲಿ ಹುಟ್ಟಿದ ಗೋ ಆಟದಲ್ಲೂ ಕಾಯಿ ಹಿಡಿಯುವುದು ಸುತ್ತುವರಿದೇ. ಆದರೆ ಒಂದು ದೊಡ್ಡ ವ್ಯತ್ಯಾಸವಿದೆ: ಗೋದಲ್ಲಿ ಒಮ್ಮೆ ಇಟ್ಟ ಕಾಯಿ ಜರುಗುವುದಿಲ್ಲ. ‘ಓಡುವುದು’ ಎಂದರೆ ಅದರ ಪಕ್ಕಕ್ಕೆ ಅದೇ ಬಣ್ಣದ ಇನ್ನೊಂದು ಕಾಯಿ ಸೇರಿಸಿ ಉದ್ದ ಮಾಡುವುದು, ಅಷ್ಟೇ.

ದೊಡ್ಡಬಳ್ಳಾಪುರದ ಮಗ್ಗದ ಮೇಲೆ ಹಾಸು-ಹೊಕ್ಕಿನ ಎಳೆಗಳು ಒಂದನ್ನೊಂದು ಹಾಯುತ್ತವಲ್ಲ, ಗೋ ಮಣೆಯ ಗೆರೆಗಳೂ ಹಾಗೆಯೇ. ಕಾಯಿ ಕೂರುವುದು ಚೌಕದೊಳಗಲ್ಲ, ಗೆರೆಗಳು ಕೂಡುವ ಬಿಂದುವಿನ ಮೇಲೆ. ದೊಡ್ಡ ಮಣೆಯಲ್ಲಿ 19 ಅಡ್ಡ ಗೆರೆ, 19 ಉದ್ದ ಗೆರೆ ಇರುತ್ತವೆ. ಕಲಿಯುವವರಿಗೆ 9 ಗೆರೆಯ ಚಿಕ್ಕ ಮಣೆಯೂ ಇದೆ.

ಒಂದು ಕಾಯಿಯ ಎಡ, ಬಲ, ಮೇಲೆ, ಕೆಳಗೆ ಇರುವ ಖಾಲಿ ಬಿಂದುಗಳನ್ನು ಅದರ ಉಸಿರು ಎಂದು ಕರೆಯೋಣ. ಮಣೆಯ ನಡುವಿನ ಒಂಟಿ ಕಾಯಿಗೆ ನಾಲ್ಕು ಉಸಿರು. ಮೂಲೆಗೆರೆಯಲ್ಲಿ, ಅಂದರೆ ಓರೆಯಾಗಿ ಇರುವ ಬಿಂದು ಲೆಕ್ಕಕ್ಕಿಲ್ಲ. ಒಂದಕ್ಕೊಂದು ಅಂಟಿಕೊಂಡ ಒಂದೇ ಬಣ್ಣದ ಕಾಯಿಗಳು ಒಂದು ಗುಂಪು. ಅವುಗಳ ಉಸಿರೂ ಒಟ್ಟಿಗೇ. ಎಲ್ಲ ಉಸಿರನ್ನೂ ಎದುರಾಳಿ ಮುಚ್ಚಿದರೆ ಗುಂಪನ್ನು ಮಣೆಯಿಂದ ಎತ್ತಿಬಿಡುತ್ತಾರೆ. ಒಂದೇ ಉಸಿರು ಉಳಿದಿರುವ ಸ್ಥಿತಿಗೆ ಜಪಾನಿ ಭಾಷೆಯ ‘ಅಟಾರಿ’ ಎಂಬ ಹೆಸರು ಎಲ್ಲ ಕಡೆ ಬಳಕೆಯಲ್ಲಿದೆ. ಅಂದರೆ ಕಾಯಿ ಕೊನೆಯುಸಿರಿನಲ್ಲಿದೆ.

ಏಣಿ ಎಂದರೇನು?

ಈ ಚಿತ್ರ ನೋಡಿ. ● ಕಪ್ಪು, ○ ಬಿಳಿ. ಬಿಂದುವಿನ ಹೆಸರಿನಲ್ಲಿ ಮೊದಲ ಅಂಕಿ ಎಡದಿಂದ ಎಷ್ಟನೆಯದು, ಎರಡನೆಯದು ಕೆಳಗಿನಿಂದ ಎಷ್ಟನೆಯದು ಎಂದು ಹೇಳುತ್ತದೆ. ಬಿಳಿ ಕಾಯಿ ಇರುವುದು 4-4ರಲ್ಲಿ.

```
9 · · · · · · · · ·
8 · · · · · · · · ·
7 · · · · · · · · ·
6 · · · · · · · · ·
5 · · ● · · · · · ·
4 · · ● ○ · · · · ·
3 · · · ● ● · · · ·
2 · · · · · · · · ·
1 · · · · · · · · ·
  1 2 3 4 5 6 7 8 9
```

ಬಿಳಿಗೆ ಎರಡು ಉಸಿರಿದೆ: ಮೇಲೆ 4-5, ಬಲಕ್ಕೆ 5-4. ಈಗ ಕಪ್ಪಿನ ಸರದಿ. ಕಪ್ಪು 4-5ರಲ್ಲಿ ಇಡುತ್ತದೆ. ಬಿಳಿ ಕೊನೆಯುಸಿರಿಗೆ ಬಂತು. ತಪ್ಪಿಸಿಕೊಳ್ಳಲು ಬಿಳಿ 5-4ಕ್ಕೆ ಓಡುತ್ತದೆ. ಈಗ ಗುಂಪಿಗೆ ಉಸಿರು ಎಷ್ಟು? ಕೆಳಗೆ 5-3ರಲ್ಲಿ ಕಪ್ಪು ಕಾಯಿ ಇದೆ. ಉಳಿದಿದ್ದು 6-4 ಮತ್ತು 5-5, ಎರಡೇ.

ಕಪ್ಪು 6-4ರಲ್ಲಿ ಇಟ್ಟರೆ ಮತ್ತೆ ಒಂದೇ ಉಸಿರು. ಬಿಳಿ 5-5ಕ್ಕೆ ಓಡುತ್ತದೆ. ಮತ್ತೆ ಎರಡು ಉಸಿರು: 6-5 ಮತ್ತು 5-6. ಕಪ್ಪು 5-6, ಬಿಳಿ 6-5. ಕಪ್ಪು 7-5, ಬಿಳಿ 6-6. ಹೀಗೆ ಒಮ್ಮೆ ಬಲಕ್ಕೆ, ಒಮ್ಮೆ ಮೇಲಕ್ಕೆ, ಬಿಳಿ ಮೆಟ್ಟಿಲು ಹತ್ತಿದಂತೆ ಓರೆಯಾಗಿ ಸಾಗುತ್ತದೆ. ಅದಕ್ಕೇ ಇದಕ್ಕೆ ‘ಏಣಿ’ ಎಂದು ಹೆಸರು. ಜಪಾನಿನಲ್ಲಿ ‘ಶಿಚೋ’ ಎನ್ನುತ್ತಾರೆ. ಕೊನೆಗೆ ಮಣೆಯ ಅಂಚಿನಲ್ಲಿ ಆಗುವುದು ಹೀಗೆ:

```
9 · · · · · · · ● ·
8 · · · · · · ● ○ ○
7 · · · · · ● ○ ○ ●
6 · · · · ● ○ ○ ● ·
5 · · ● ● ○ ○ ● · ·
4 · · ● ○ ○ ● · · ·
3 · · · ● ● · · · ·
2 · · · · · · · · ·
1 · · · · · · · · ·
  1 2 3 4 5 6 7 8 9
```

ಬಿಳಿಗೆ ಉಳಿದಿರುವುದು 9-9 ಒಂದೇ. ಕಪ್ಪು ಅಲ್ಲಿಟ್ಟರೆ 10 ಬಿಳಿ ಕಾಯಿಗಳೂ ಮಣೆಯಿಂದ ಹೊರಗೆ. ಇದೇ ಏಣಿ 19 ಗೆರೆಯ ಮಣೆಯಲ್ಲಿ 4-4ರಿಂದ ಶುರುವಾಗಿ ಎದುರು ಮೂಲೆಯವರೆಗೆ ಹೋದರೆ 30 ಬಿಳಿ ಕಾಯಿ ಸಾಯುತ್ತವೆ.

ನಷ್ಟದ ಲೆಕ್ಕ ಹಾಕಿ. ಜಪಾನಿ ಎಣಿಕೆಯಲ್ಲಿ ಹಿಡಿದ ಕಾಯಿಗೆ ಒಂದು ಅಂಕ, ಅದು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಅಂಕ. 30 ಕಾಯಿ ಎಂದರೆ ಸುಮಾರು 60 ಅಂಕ. ಮೊದಲು ನಡೆಯುವ ಅನುಕೂಲ ಕಪ್ಪಿಗೆ ಸಿಗುವುದರಿಂದ ಬಿಳಿಗೆ ಪರಿಹಾರವಾಗಿ ಕೊಡುವುದೇ ಸಾಮಾನ್ಯವಾಗಿ ಆರೂವರೆ ಅಂಕ. ಅದರ ಮುಂದೆ 60 ಎಂದರೆ ಆಟ ಅಲ್ಲಿಗೇ ಮುಗಿದಂತೆ. ಮೊದಲ ಹೆಜ್ಜೆಯಲ್ಲೇ ‘ಈ ಏಣಿ ನನಗೆ ಆಗಲ್ಲ’ ಎಂದು ಬಿಳಿಗೆ ಗೊತ್ತಾಗಿದ್ದರೆ ಹೋಗುತ್ತಿದ್ದದ್ದು ಒಂದೇ ಕಾಯಿ. ‘ಏಣಿ ಗೊತ್ತಿಲ್ಲದೆ ಗೋ ಆಡಬೇಡ’ ಎಂಬ ಹಳೆಯ ಮಾತು ಆಟಗಾರರಲ್ಲಿ ಇರುವುದು ಇದಕ್ಕೇ.

ಹಾಗಾದರೆ ಮೂವತ್ತು ನಡೆಯನ್ನು ತಲೆಯಲ್ಲೇ ಓದಬೇಕಾ?

ಬೇಡ. ಮೇಲಿನ ಚಿತ್ರವನ್ನು ಇನ್ನೊಮ್ಮೆ ನೋಡಿ. ಬಿಳಿ 4-4, 5-5, 6-6, 7-7, 8-8ರ ಮೇಲೇ ಹೋಗುತ್ತಿದೆ. ನಡುವೆ 5-4, 6-5, 7-6 ಹೀಗೆ ಅದರ ಪಕ್ಕದ ಮೆಟ್ಟಿಲು. ಎರಡು ಹೆಜ್ಜೆಯ ಒಂದೇ ವರಸೆ ಮತ್ತೆ ಮತ್ತೆ ಬರುತ್ತದೆ, ಹೊಸದೇನೂ ಇಲ್ಲ. ಆದ್ದರಿಂದ ಪ್ರತಿ ನಡೆಯನ್ನೂ ಲೆಕ್ಕ ಹಾಕುವ ಬದಲು ಓಡುವ ಕಾಯಿಯಿಂದ ಎದುರು ಅಂಚಿನವರೆಗೆ ಕಣ್ಣಲ್ಲೇ ಓರೆಗೆರೆ ಎಳೆದರೆ ಸಾಕು.

ಆ ದಾರಿ ಎಷ್ಟು ಅಗಲ? ಮಧ್ಯದ ಎರಡು ಓರೆಸಾಲು ಬಿಳಿಯ ಮೆಟ್ಟಿಲು. ಅದರ ಎರಡೂ ಪಕ್ಕ ಒಂದೊಂದು ಸಾಲು ಅಟ್ಟುವ ಕಪ್ಪು ಕಾಯಿಗಳದ್ದು. ಅದರಾಚೆಗೆ ಎರಡೂ ಕಡೆ ಇನ್ನೊಂದೊಂದು ಸಾಲು. ಹೊರಗಿನ ಆ ಸಾಲಿನಲ್ಲಿ ಬಿಳಿ ಕಾಯಿ ಇದ್ದರೆ ಅದು ಕಪ್ಪು ಕಾಯಿಯ ಉಸಿರನ್ನು ಮೊದಲೇ ಒಂದು ಕಡಿಮೆ ಮಾಡಿರುತ್ತದೆ. ಒಟ್ಟು ಆರು ಓರೆಸಾಲು. ಈ ಆರು ಸಾಲು ಪೂರ್ತಿ ಖಾಲಿ ಇದ್ದರೆ ಏಣಿ ಕೆಲಸ ಮಾಡುತ್ತದೆ, ಬಿಳಿ ಸಾಯುತ್ತದೆ. ಉದಾಹರಣೆಗೆ 8-4ರಲ್ಲಿ ಒಂದು ಬಿಳಿ ಕಾಯಿ ಇದೆ ಎನ್ನಿ. ನೋಡಲು ಹತ್ತಿರವೇ ಅನಿಸುತ್ತದೆ. ಆದರೆ ಅದು ಆರು ಸಾಲಿನ ಹೊರಗಿದೆ, ಏಣಿಗೆ ಅದರಿಂದ ಏನೂ ಆಗುವುದಿಲ್ಲ.

ಆರು ಸಾಲಿನೊಳಗೆ ಕಾಯಿ ಕಂಡರೆ ಮಾತ್ರ ನಿಲ್ಲಬೇಕು. ಅದು ಕಪ್ಪು ಕಾಯಿಯಾದರೆ ಸಾಮಾನ್ಯವಾಗಿ ಅಟ್ಟುವವರಿಗೇ ಲಾಭ. 7-7ರಲ್ಲಿ ಕಪ್ಪು ಇದ್ದರೆ ಬಿಳಿ 7-6ಕ್ಕೆ ಬರುವ ಹೊತ್ತಿಗೆ ಎದುರಿಗೆ ಗೋಡೆ. ಅಂಚಿನವರೆಗೆ ಹೋಗದೆ ಆರು ಕಾಯಿಗೇ ಬೇಟೆ ಮುಗಿಯುತ್ತದೆ. ಅದು ಬಿಳಿ ಕಾಯಿಯಾದರೆ ಕಥೆಯೇ ಬೇರೆ.

ಏಣಿ ಮುರಿಯುವುದು ಹೇಗೆ?

ಈಗ ಅದೇ ಮೊದಲ ಚಿತ್ರ, ಆದರೆ 7-7ರಲ್ಲಿ ಮೊದಲೇ ಒಂದು ಬಿಳಿ ಕಾಯಿ ಕೂತಿದೆ ಎಂದುಕೊಳ್ಳಿ. ದಾರಿಯ ನಟ್ಟನಡುವೆ ಇದೆ, ಹಾಗಾಗಿ ಅಲ್ಲಿಯವರೆಗೆ ಮಾತ್ರ ಓದೋಣ.

ಕಪ್ಪು 4-5, ಬಿಳಿ 5-4. ಕಪ್ಪು 6-4, ಬಿಳಿ 5-5. ಕಪ್ಪು 5-6, ಬಿಳಿ 6-5. ಕಪ್ಪು 7-5, ಬಿಳಿ 6-6. ಕಪ್ಪು 6-7, ಬಿಳಿ 7-6. ಇಲ್ಲಿ ನಿಲ್ಲಿ. 7-6ರ ಮೇಲಿನ ಬಿಂದು 7-7, ಅಲ್ಲಿ ಬಿಳಿಯ ಸ್ನೇಹಿತ ಇದ್ದಾನೆ. ಎರಡೂ ಸೇರಿ ಒಂದೇ ಗುಂಪಾಯಿತು. ಈಗ ಉಸಿರು ಎಣಿಸಿ: 8-6, 8-7, 7-8. ಮೂರು! ಕಪ್ಪು ಒಂದನ್ನು ಮುಚ್ಚಿದರೂ ಎರಡು ಉಳಿಯುತ್ತವೆ. ಕೊನೆಯುಸಿರಿನ ಬೆದರಿಕೆ ಇಲ್ಲ ಎಂದರೆ ಬೇಟೆ ಮುಗಿಯಿತು.

ಓದುವಾಗ ನೋಡಬೇಕಾದ ಪ್ರಶ್ನೆ ಇದೊಂದೇ. ಓಡುವ ಕಾಯಿ ಪ್ರತಿ ಹೆಜ್ಜೆ ಇಟ್ಟ ಮೇಲೆ ಅದಕ್ಕೆ ಉಸಿರು ಎಷ್ಟು? ಎರಡಾದರೆ ಏಣಿ ಮುಂದುವರಿಯುತ್ತದೆ. ಮೂರಾದರೆ ಮುರಿಯಿತು. ಒಂದೇ ಆದರೆ ಮುಂದಿನ ನಡೆಗೆ ಕಾಯಿ ಹೋಯಿತು.

ಏಣಿ ಮುರಿದಾಗ ‘ಸರಿ, ಒಂದು ಕಾಯಿ ತಪ್ಪಿಸಿಕೊಂಡಿತು’ ಎಂದು ಬಿಡುವಂತಿಲ್ಲ. ಕಪ್ಪು ಅಟ್ಟುತ್ತಾ ಇಟ್ಟ ಕಾಯಿಗಳನ್ನು ನೋಡಿ: 6-4, 7-5, 5-6, 6-7. ಎಲ್ಲವೂ ಓರೆಯಾಗಿ ನಿಂತಿವೆ, ಒಂದಕ್ಕೊಂದು ಅಂಟಿಲ್ಲ. ಬಿಳಿ ಈಗ 7-4ರಲ್ಲಿ ಒಂದು ಕಾಯಿ ಇಟ್ಟರೆ 6-4ರ ಕಪ್ಪಿಗೂ 7-5ರ ಕಪ್ಪಿಗೂ ಒಂದೊಂದೇ ಉಸಿರು ಉಳಿಯುತ್ತದೆ. ಒಂದನ್ನು ಉಳಿಸಿದರೆ ಇನ್ನೊಂದು ಹೋಗುತ್ತದೆ. ಇಂಥ ಬಿರುಕು ಮೆಟ್ಟಿಲು ಮೆಟ್ಟಿಲಿಗೂ ಇರುತ್ತದೆ. ಆದ್ದರಿಂದ ದಾರಿ ನೋಡದೆ ಅಟ್ಟಲು ಶುರು ಮಾಡಿದವರು ಹೆಚ್ಚು ದೂರ ಅಟ್ಟಿದಷ್ಟೂ ಹೆಚ್ಚು ಕಳೆದುಕೊಳ್ಳುತ್ತಾರೆ. ದಾರಿ ನೋಡುವುದು ಮೊದಲ ನಡೆಗೂ ಮುಂಚೆ. ಐದನೇ ನಡೆಯಲ್ಲಿ ಅಲ್ಲ.

ದಾರಿ ಖಾಲಿ ಇದ್ದರೂ ತಪ್ಪುವುದೆಲ್ಲಿ?

ಹೊಸಬರು ಸಾಮಾನ್ಯವಾಗಿ ಎಡವುವುದು ಯಾವ ಕಡೆಯಿಂದ ಮುಚ್ಚಬೇಕು ಎನ್ನುವಲ್ಲಿ. ಮೊದಲ ಚಿತ್ರದಿಂದ ಕಪ್ಪು 4-5, ಬಿಳಿ 5-4 ಆಯಿತು ಎನ್ನಿ. ಈಗ ಕಪ್ಪು 6-4ರ ಬದಲು 5-5ರಲ್ಲಿ ಇಟ್ಟರೆ? ಅದೂ ಅಟಾರಿಯೇ, ಬಿಳಿಗೆ ಉಳಿಯುವುದು 6-4 ಒಂದೇ. ಆದರೆ ಬಿಳಿ 6-4ಕ್ಕೆ ಓಡಿದ ತಕ್ಷಣ ಕೆಳಗೆ 6-3, ಬಲಕ್ಕೆ 7-4, ಮೇಲೆ 6-5 ಮೂರೂ ಖಾಲಿ. ಮೂರು ಉಸಿರು, ಬಿಳಿ ಪಾರು.

ನೆನಪಿಡಲು ಸುಲಭ ದಾರಿ: ಓಡುವ ಕಾಯಿಯ ಮೂತಿಗೆ ಅಡ್ಡ ನಿಲ್ಲಿ. ಅದು ಬಲಕ್ಕೆ ಬಂದರೆ ಅದರ ಬಲಕ್ಕೆ ಕಾಯಿ ಇಡಿ, ಮೇಲಕ್ಕೆ ಬಂದರೆ ಅದರ ಮೇಲೆ ಇಡಿ. ಆಗ ಅದು ನೇರ ಹೋಗಲಾರದೆ ತಿರುಗಲೇಬೇಕು, ತಿರುಗಿದ ಕಡೆ ನಿಮ್ಮ ಹಿಂದಿನ ಕಾಯಿ ಮೊದಲೇ ಕಾಯುತ್ತಿರುತ್ತದೆ.

ಬಲೆ: ಅಟ್ಟದೆಯೇ ಹಿಡಿಯುವುದು

7-7ರಲ್ಲಿ ಬಿಳಿ ಇದ್ದರೆ ಏಣಿ ಆಗುವುದಿಲ್ಲ ಎಂದು ನೋಡಿದೆವು. ಹಾಗಾದರೆ 4-4ರ ಬಿಳಿಯನ್ನು ಬಿಟ್ಟುಬಿಡಬೇಕಾ? ಬೇಕಿಲ್ಲ. ಕಪ್ಪು ಅದನ್ನು ಮುಟ್ಟದೆ, ಓರೆಯಾಗಿ 5-5ರಲ್ಲಿ ಒಂದು ಕಾಯಿ ಇಡುತ್ತದೆ.

```
7 · · · · · · ○ · ·
6 · · · · · · · · ·
5 · · ● · ● · · · ·
4 · · ● ○ · · · · ·
3 · · · ● ● · · · ·
2 · · · · · · · · ·
1 · · · · · · · · ·
  1 2 3 4 5 6 7 8 9
```

ಇದು ಬಲೆ, ಜಪಾನಿನಲ್ಲಿ ‘ಗೇತಾ’. ಬಿಳಿಗೆ ಇನ್ನೂ ಎರಡು ಉಸಿರಿದೆ, ಅಟಾರಿ ಕೂಡ ಆಗಿಲ್ಲ. ನೋಡಿದರೆ ಬಾಗಿಲು ತೆರೆದೇ ಇದೆ ಅನಿಸುತ್ತದೆ. ಒಂದೊಂದು ಬಾಗಿಲನ್ನೂ ತಟ್ಟಿ ನೋಡೋಣ.

ಬಿಳಿ ಬಲಕ್ಕೆ 5-4ಕ್ಕೆ ಓಡಿತು. ಮೇಲೆ 5-5ರಲ್ಲಿ ಕಪ್ಪು, ಕೆಳಗೆ 5-3ರಲ್ಲಿ ಕಪ್ಪು. ಕಪ್ಪು 6-4 ಮುಚ್ಚುತ್ತದೆ. ಬಿಳಿಗೆ ಉಳಿದಿದ್ದು 4-5. ಅಲ್ಲಿಗೆ ಹೋದರೆ ಎಡಕ್ಕೆ 3-5ರಲ್ಲಿ ಕಪ್ಪು, ಬಲಕ್ಕೆ 5-5ರಲ್ಲಿ ಕಪ್ಪು. 4-6 ಒಂದೇ ಉಸಿರು. ಕಪ್ಪು ಅಲ್ಲಿಟ್ಟು ಮೂರೂ ಕಾಯಿ ಎತ್ತಿಕೊಳ್ಳುತ್ತದೆ.

ಬಿಳಿ ಮೊದಲು ಮೇಲಕ್ಕೆ 4-5ಕ್ಕೆ ಹೋದರೆ? ಕಪ್ಪು 4-6 ಮುಚ್ಚುತ್ತದೆ. ಬಿಳಿ 5-4ಕ್ಕೆ ಬಂದರೆ 6-4 ಒಂದೇ ಉಸಿರು. ಮತ್ತೆ ಮೂರು ಕಾಯಿ ಹೋಯಿತು.

ಬಿಳಿ ಜಾಣತನದಿಂದ ಹೊರಗಿನಿಂದ 6-4ರಲ್ಲಿ ಇಟ್ಟು ಒಳಗಿನವನನ್ನು ಕೂಡಿಕೊಳ್ಳಲು ನೋಡಿದರೆ? ಕಪ್ಪು ನಡುವಿನ 5-4ರಲ್ಲಿ ಇಟ್ಟು ಕತ್ತರಿಸುತ್ತದೆ. ಬಿಳಿಗೆ ಉಳಿದಿದ್ದು 4-5. ಅಲ್ಲಿಗೆ ಓಡಿದರೂ 4-6ರಲ್ಲಿ ಅಂತ್ಯ. 4-6ರಿಂದ ಬಂದರೆ ಕಪ್ಪು 4-5ರಲ್ಲಿ ಕತ್ತರಿಸುತ್ತದೆ. ಯಾವ ಬಾಗಿಲೂ ತೆರೆದಿಲ್ಲ.

7-7ರ ಬಿಳಿ ಸ್ನೇಹಿತ ಇಲ್ಲಿ ಏನು ಮಾಡಿದ? ಏನೂ ಇಲ್ಲ. ಎಲ್ಲವೂ ನಾಲ್ಕು ನಡೆಯೊಳಗೆ, ನಾಲ್ಕಾರು ಬಿಂದುಗಳ ಸುತ್ತಲೇ ಮುಗಿಯಿತು. ಏಣಿಗೂ ಬಲೆಗೂ ಇರುವ ಮುಖ್ಯ ವ್ಯತ್ಯಾಸ ಇದೇ. ಏಣಿಯ ಗೆಲುವು ಸೋಲು ಮಣೆಯ ಆಚೆ ತುದಿಯಲ್ಲಿ ತೀರ್ಮಾನವಾಗುತ್ತದೆ. ಬಲೆಯದ್ದು ಇಲ್ಲೇ, ಕಣ್ಣೆದುರಿಗೆ.

ಹಾಗೆಂದು ಬಲೆ ಎಲ್ಲ ಕಡೆ ಆಗುವುದಿಲ್ಲ. ನಮ್ಮ ಉದಾಹರಣೆಯಲ್ಲಿ 3-5ರ ಕಪ್ಪು ಕಾಯಿ ಇಲ್ಲದಿದ್ದರೆ ಬಿಳಿ 4-5ಕ್ಕೆ ಬಂದಾಗ ಎಡಕ್ಕೆ 3-5 ಕೂಡ ಖಾಲಿ ಇರುತ್ತಿತ್ತು. ಒಂದು ಉಸಿರಿನ ಬದಲು ಎರಡು, ಬಲೆ ಅಲ್ಲಿಯೇ ಹರಿಯುತ್ತಿತ್ತು. ಅಥವಾ 6-4ರಲ್ಲಿ ಮೊದಲೇ ಬಿಳಿ ಕಾಯಿ ಇದ್ದರೆ ಒಳಗಿನ ಬಿಳಿ ಒಂದೇ ಹೆಜ್ಜೆಗೆ ಅದನ್ನು ಕೂಡಿಕೊಳ್ಳುತ್ತಿತ್ತು. ಬಲೆ ಹಾಕುವ ಮುನ್ನ ನೋಡಬೇಕಾದ್ದು ದೂರದ ಮೂಲೆಯನ್ನಲ್ಲ, ಬಲೆಯ ಅಂಚುಗಳನ್ನು.

ಎರಡೂ ಆಗುವಂತಿದ್ದರೆ ಯಾವುದು ಒಳ್ಳೆಯದು?

ಮೊದಲ ಚಿತ್ರದಲ್ಲಿ ದಾರಿ ಖಾಲಿ ಇದೆ, ಏಣಿಯೂ ಆಗುತ್ತದೆ, ಬಲೆಯೂ ಆಗುತ್ತದೆ. ಏಣಿ ಆಯ್ದುಕೊಂಡರೆ ಒಂದು ಸಾಲ ಉಳಿದುಕೊಳ್ಳುತ್ತದೆ. ಏನೆಂದರೆ, ಕಪ್ಪು 4-5ರಲ್ಲಿ ಅಟಾರಿ ಕೊಟ್ಟಾಗ ಬಿಳಿ ಓಡುವುದೇ ಇಲ್ಲ. ಬದಲಿಗೆ ಏಣಿಯ ದಾರಿಯ ಮೇಲೆ, ದೂರದ ಮೂಲೆಯಲ್ಲಿ, ಅಲ್ಲಿನ ಕಪ್ಪು ಕಾಯಿಗೂ ತೊಂದರೆ ಕೊಡುವಂಥ ಒಂದು ಕಾಯಿ ಇಡುತ್ತದೆ. ಒಂದೇ ಕಲ್ಲಿಗೆ ಎರಡು ಹಕ್ಕಿ: ಏಣಿಯೂ ಮುರಿಯಿತು, ಮೂಲೆಗೂ ಬೆದರಿಕೆ ಬಂತು.

ಆಗ ಕಪ್ಪು ಸಾಮಾನ್ಯವಾಗಿ ಮಾಡಬೇಕಾದ್ದು 5-4ರಲ್ಲಿ ಇಟ್ಟು ಆ ಒಂದು ಬಿಳಿ ಕಾಯಿಯನ್ನು ಎತ್ತಿಬಿಡುವುದು. ಏಣಿಯ ಚಿಂತೆ ತೀರಿತು, ಆದರೆ ದೂರದ ಮೂಲೆಯಲ್ಲಿ ಬಿಳಿಗೆ ಒಂದರ ಹಿಂದೆ ಒಂದು ಎರಡು ನಡೆ ಸಿಕ್ಕಿತು. ಅದು ಎಷ್ಟು ನಷ್ಟ ಎನ್ನುವುದು ಆ ಮೂಲೆಯಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಬಲೆಯಲ್ಲಿ ಈ ದೂರದ ಸಾಲ ಇರುವುದಿಲ್ಲ. ಅದಕ್ಕೇ ಎರಡೂ ಆಗುವ ಕಡೆ ಅನುಭವಿಗಳು ಹೆಚ್ಚಾಗಿ ಬಲೆಯನ್ನೇ ಮೊದಲು ನೋಡುತ್ತಾರೆ.

‘ಕೆಲಸ ಮಾಡದ ಏಣಿಯನ್ನು ಆಡಲೇಬಾರದು’ ಎನ್ನುವುದು?

ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿ. ಆದರೆ ಒಂದು ಪ್ರಸಿದ್ಧ ಅಪವಾದವಿದೆ. 2003ರಲ್ಲಿ ಕೊರಿಯಾದ ಲೀ ಸೆಡೋಲ್, ಹಾಂಗ್ ಚಾಂಗ್-ಸಿಕ್ ವಿರುದ್ಧದ ಆಟದಲ್ಲಿ, ಕೆಲಸ ಮಾಡದ ಏಣಿಯನ್ನು ಬೇಕೆಂದೇ ಆಡಿದರು. ಆ ಏಣಿಯನ್ನು ಗೆಲ್ಲುವುದು ಅವರ ಉದ್ದೇಶವಾಗಿರಲಿಲ್ಲ. ಎದುರಾಳಿಯ ಇನ್ನೊಂದು ಗುಂಪನ್ನು ಹಿಡಿಯುವುದೇ ಗುರಿ. ಹಿಡಿದರು, ಆಟವನ್ನೂ ಗೆದ್ದರು. ಗಮನಿಸಿ: ಅವರು ಏಣಿ ಓದದೆ ಆಡಿದವರಲ್ಲ. ಕೊನೆಯವರೆಗೂ ಓದಿ, ಸಿಗುವುದು ಕಳೆಯುವುದಕ್ಕಿಂತ ಹೆಚ್ಚು ಎಂದು ಗೊತ್ತಾದ ಮೇಲೆ ಆಡಿದವರು.

ಒಟ್ಟಿನಲ್ಲಿ

ಮುಂದಿನ ಸಲ ಆ್ಯಪ್‌ನಲ್ಲಿ ಎದುರಾಳಿಯ ಕಾಯಿ ಎರಡು ಉಸಿರಿನಲ್ಲಿ ನಿಂತಿದ್ದರೆ ಬೆರಳು ಒತ್ತುವ ಮುನ್ನ ಹೀಗೆ ಮಾಡಿ. ಮೊದಲು ಓರೆಯಾಗಿ ಒಂದು ಕಾಯಿ ಇಟ್ಟು ಬಲೆ ಆಗುತ್ತದಾ ನೋಡಿ. ನಾಲ್ಕು ನಡೆ ಓದಿದರೆ ಉತ್ತರ ಸಿಗುತ್ತದೆ. ಆಗದಿದ್ದರೆ ಏಣಿಯ ಆರು ಓರೆಸಾಲನ್ನು ಎದುರು ಅಂಚಿನವರೆಗೆ ಕಣ್ಣಾಡಿಸಿ. ಖಾಲಿ ಇದ್ದರೆ ಅಟ್ಟಿ. ಎದುರಾಳಿಯ ಕಾಯಿ ಕಂಡರೆ ಅಲ್ಲಿಯವರೆಗೆ ಹೆಜ್ಜೆ ಹೆಜ್ಜೆಯಾಗಿ ಉಸಿರು ಎಣಿಸಿ. ಎಲ್ಲಿ ಮೂರು ಬಂತೋ ಅಲ್ಲಿಗೆ ಆ ಬೇಟೆ ಕೈಬಿಡಿ, ಶುರುವೇ ಮಾಡಬೇಡಿ. ಓಡಬೇಕಾದವರು ನೀವೇ ಆಗಿದ್ದರೂ ಲೆಕ್ಕ ಇದೇ: ಮೂರು ಬರದಿದ್ದರೆ ಆ ಒಂದು ಕಾಯಿ ಹೋಗಲಿ ಬಿಡಿ, ಉಳಿದ ಇಪ್ಪತ್ತೊಂಬತ್ತು ನಿಮ್ಮ ಬಳಿಯೇ ಇರುತ್ತವೆ.